ಎಂಟು ಸಾಲಿಗೆ ಎಷ್ಟು ಇತಿಹಾಸ

ಪ್ರಬಂಧವನ್ನು ಮೂರನೆಯ ಸಲ ಬರೆಯಬೇಕು ಎಂದು ಚೀಟಿ ಬಂದ ದಿನ ದಫ್ತರಕ್ಕನಿಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಆಕಳಿಕೆ ಬಂತು. ನಲವತ್ತಾರು ವರ್ಷದ ಹೆಂಗಸಿಗೆ ಕೆಲವು ಕೆಟ್ಟ ಸುದ್ದಿಗಳು ಬರುವ ರೀತಿಯೇ ಅದು. ಎದೆಗೆ ಬಡಿಯುವ ಮೊದಲು ದಣಿದ ಸೊಂಟಕ್ಕೆ ಬಡಿಯುತ್ತವೆ.

ದಫ್ತರಕ್ಕ ಎಂಬುದು ಕಚೇರಿಯವರು ಇಟ್ಟ ಹೆಸರು. ನಗರ ಕಚೇರಿಯ ನೆಲಮಾಳಿಗೆಯಲ್ಲಿ ಹಳೆಯ ದಾಖಲೆಗಳ ಕೋಣೆ, ಆ ಕೋಣೆಗೆ ಅವಳೇ ಒಡತಿ, ಅವಳೇ ಆಳು. ಜನನ ಮರಣದ ರಿಜಿಸ್ಟರುಗಳು, ಹಳೆಯ ಆದೇಶಗಳು, ಯಾರಿಗೂ ಬೇಡವಾದ ಆದರೆ ಬಿಸಾಡಲೂ ಅನುಮತಿ ಇಲ್ಲದ ಕಡತಗಳು, ಎಲ್ಲವೂ ಗೋಡೆಯಿಂದ ಗೋಡೆಗೆ ಕಬ್ಬಿಣದ ಕಪಾಟಿನಲ್ಲಿ. ಹತ್ತೊಂಬತ್ತು ವರ್ಷ ಆ ಧೂಳು ಕುಡಿದು ಅವಳಿಗೊಂದು ಕೆಮ್ಮು ಅಂಟಿಕೊಂಡಿತ್ತು. ಡಾಕ್ಟರು ಮಾತ್ರೆ ಬರೆದು ಸೋತು, ಕೊನೆಗೆ, "ಕಿಟಕಿ ಇರೋ ಕಡೆ ಕೆಲಸ ಹುಡುಕಿ, ಅದೇ ಔಷಧಿ" ಎಂದಿದ್ದರು. ಕಿಟಕಿ ಇರುವ ಕೆಲಸ ಮೂರನೇ ಮಹಡಿಯ ಅನುವಾದ ವಿಭಾಗದಲ್ಲಿತ್ತು. ಅಲ್ಲಿಗೆ ಹೋಗಲು ಸಾಹಿತ್ಯದ ಎಂ.ಎ. ಬೇಕು. ಹಾಗಾಗಿ ಅಂಚೆಯ ಮೂಲಕ ಓದಲು ಹೆಸರು ನೋಂದಾಯಿಸಿದಳು. ಐದು ವರ್ಷದೊಳಗೆ ಮುಗಿಸಬೇಕೆಂದು ನಿಯಮ. ಪರೀಕ್ಷೆಗಳೆಲ್ಲ ಹೇಗೋ ದಾಟಿದವು. ಉಳಿದದ್ದು ಒಂದು ಪ್ರಬಂಧ, ಒಂದೇ ಒಂದು ಪದ್ಯದ ಬಗ್ಗೆ, "ಚಾರಿತ್ರಿಕ ಸಂದರ್ಭದ ಹಿನ್ನೆಲೆಯಲ್ಲಿ". ಈ ತಿಂಗಳ ಕೊನೆಗೆ ಐದು ವರ್ಷ ತುಂಬುತ್ತಿತ್ತು. ಮೂರನೇ ಸಲವೂ ಬಿದ್ದರೆ ನೋಂದಣಿ ರದ್ದು, ಮೊದಲಿನಿಂದ ಶುರು. ಮೊದಲಿನಿಂದ ಶುರು ಮಾಡುವ ಶಕ್ತಿ ತನ್ನಲ್ಲಿಲ್ಲ ಎಂದು ಅವಳಿಗೆ ಸ್ಪಷ್ಟವಾಗಿ ಗೊತ್ತಿತ್ತು. ಈ ಪ್ರಬಂಧ ಬಿದ್ದರೆ ಆ ನೆಲಮಾಳಿಗೆಯಲ್ಲೇ ಕೆಮ್ಮುತ್ತಾ ನಿವೃತ್ತಿ.

ಮೊದಲ ಸಲದ ಪ್ರಬಂಧವನ್ನು ನೆನೆದರೆ ಈಗ ಅವಳಿಗೇ ನಗು ಬರುತ್ತಿತ್ತು. ಬರೆದದ್ದು ಪ್ರಬಂಧವಲ್ಲ, ಟಿಪ್ಪಣಿ ಕಡತ. ಪ್ರತಿ ಪ್ಯಾರಾಕ್ಕೂ ಕ್ರಮಸಂಖ್ಯೆ, ಪ್ರತಿ ಪುಟದ ಅಂಚಿಗೂ ಚೀಟಿ. "ಸದರಿ ಕವಯಿತ್ರಿಯು ಇಂಥ ದಿನಾಂಕದಂದು ಜನಿಸಿ" ಎಂದು ಶುರುವಾಗಿ, ಮದುವೆ, ಗಂಡನ ಉದ್ಯೋಗ, ಮನೆ ಬದಲಿಸಿದ್ದು, ಕಾಯಿಲೆ, ಎಲ್ಲ ತಾರೀಖಿನ ಪ್ರಕಾರ ಸಾಲುಗಟ್ಟಿ ನಿಂತಿದ್ದವು. ಅದರಲ್ಲಿ ಒಂದು ಮಾತ್ರ ಅವಳ ಸ್ವಂತ ಸಂಪಾದನೆ. ಕವಯಿತ್ರಿ ಇದೇ ನಗರದವಳಾದ್ದರಿಂದ ಅವಳ ಮಗುವಿನ ಮರಣ ದಾಖಲಾದ ಪುಟ ದಫ್ತರಕ್ಕನ ಕಪಾಟಿನಲ್ಲೇ ಸಿಕ್ಕಿತ್ತು. ಹಳದಿ ಬಣ್ಣಕ್ಕೆ ತಿರುಗಿದ ಹಾಳೆ, ಗುಮಾಸ್ತನ ಓರೆ ಕೈಬರಹ, ವಯಸ್ಸು ನಾಲ್ಕು ದಿನ. ಯಾವ ಪ್ರೊಫೆಸರೂ ನೋಡಿರದ ಪುಟ! ಪ್ರಬಂಧದ ಅರ್ಧ ಭಾಗ ಆ ಪುಟದ ಮೇಲೇ ನಿಂತಿತು. ಹಾಗೆ ಬರೆಯುವುದಕ್ಕೆ ಆಧಾರವೂ ಇತ್ತು. ಅಂಚೆಯಲ್ಲಿ ಬಂದ ಪಾಠದ ಪುಸ್ತಕವೇ, "ಈ ಪದ್ಯ ಕವಯಿತ್ರಿ ತನ್ನ ಮಗುವನ್ನು ಕಳೆದುಕೊಂಡ ದುಃಖದ ಅಭಿವ್ಯಕ್ತಿ" ಎಂದು ಹೇಳಿತ್ತು. ಪಾಠ ಬರೆದವರು ಅವಳ ಪ್ರಬಂಧ ತಿದ್ದುವ ಮೇಷ್ಟ್ರೇ.

ಅದೇ ಮೇಷ್ಟ್ರು ಕೆಂಪು ಮಸಿಯಲ್ಲಿ ಬರೆದು ಕಳಿಸಿದರು: "ಇದು ಜೀವನಚರಿತ್ರೆ. ಪದ್ಯ ಎಲ್ಲಿ?"

ಎರಡನೆಯ ಸಲ ಅವಳು ಬುದ್ಧಿವಂತಿಕೆ ಮಾಡಿದಳು. ಕವಯಿತ್ರಿಯ ಬದುಕನ್ನು ಕಿತ್ತು ಹಾಕಿ, ಆ ಜಾಗದಲ್ಲಿ ಪದ್ಯದ ಕಾಲದ, ಅಂದರೆ ಅರವತ್ತು ವರ್ಷದ ಹಿಂದಿನ ಆಹಾರದ ಅಭಾವವನ್ನು ತುಂಬಿದಳು. ಬೆಳೆ ಕೆಟ್ಟದ್ದು, ಗೋದಾಮು ಖಾಲಿಯಾದದ್ದು, ಪಡಿತರ ಬಂದದ್ದು, ಅಧಿಕಾರಿಗಳು ಬದಲಾದದ್ದು. ಕಪಾಟಿನಲ್ಲಿದ್ದ ಆದೇಶಗಳನ್ನೆಲ್ಲ ಒಂದೂ ಬಿಡದೆ ಹನ್ನೊಂದು ಪುಟಕ್ಕೆ ಇಳಿಸಿದಳು. ಸಿಕ್ಕಿದ್ದನ್ನು ಬಿಡುವುದು ಅವಳ ಜಾಯಮಾನವಲ್ಲ. ಬಿಡದೇ ಇರುವುದಕ್ಕೇ ಅವಳಿಗೆ ಸಂಬಳ. ಕೆಂಪು ಮಸಿ ಮತ್ತೆ ಬಂತು: "ಇದು ಇತಿಹಾಸದ ಪಾಠ. ಪದ್ಯ ಎಲ್ಲಿ?"

ಪದ್ಯ ಎಲ್ಲಿ, ಪದ್ಯ ಎಲ್ಲಿ. ಕಳೆದುಹೋದ ಕಡತ ಕೇಳಿದ ಹಾಗೆ.

ಭಾನುವಾರ ಅವಳು ಅಧ್ಯಯನ ಕೇಂದ್ರಕ್ಕೆ ಹೋದಳು. ಕೇಂದ್ರ ಎಂದರೆ ಬಾಡಿಗೆಗೆ ಹಿಡಿದ ಒಂದು ಶಾಲೆಯ ಶಿಕ್ಷಕರ ಕೋಣೆ. ಉದ್ದ ಮೇಜು, ಒಂದು ಕಾಲು ಗಿಡ್ಡವಾದ ಕುರ್ಚಿಗಳು, ಗೋಡೆಗೆ ಕಳೆದ ವರ್ಷದ ವೇಳಾಪಟ್ಟಿ. ಮೇಷ್ಟ್ರು ಪ್ರಬಂಧಗಳ ಎರಡು ರಾಶಿಯ ಮಧ್ಯೆ ಕೂತಿದ್ದರು. ನಿವೃತ್ತಿಗೆ ಒಂದು ವರ್ಷ ಇದ್ದ ಮನುಷ್ಯ, ಕಣ್ಣಿನ ಕೆಳಗೆ ಚೀಲ, ಬೆರಳ ತುದಿಗೆ ಕೆಂಪು ಮಸಿ. ಇಪ್ಪತ್ತೆರಡು ವರ್ಷದಿಂದ ಇದೇ ಪದ್ಯದ ಮೇಲಿನ ಪ್ರಬಂಧ ತಿದ್ದುತ್ತಾ ಬಂದವರಿಗೆ ಬೇರೆ ಮುಖ ಇರುವುದು ಸಾಧ್ಯವೂ ಇಲ್ಲ.

"ಬನ್ನಿ ಅಮ್ಮ, ಕೂತ್ಕೊಳ್ಳಿ. ಆ ಕುರ್ಚಿ ಬೇಡ, ಅದು ಬೀಳಿಸುತ್ತೆ."

ಅವಳು ಬೇರೆ ಕುರ್ಚಿಯಲ್ಲಿ ಕೂತಳು. "ಸರ್, ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಮೊದಲನೇ ಸಲ ಜೀವನಚರಿತ್ರೆ ಅಂದ್ರಿ. ನಿಮ್ಮ ಪಾಠದಲ್ಲೇ ಮಗು ಸತ್ತ ವಿಷಯ ಇದೆಯಲ್ಲ?"

"ಪಾಠ ಬೇರೆ, ಪ್ರಬಂಧ ಬೇರೆ" ಎಂದರು ಮೇಷ್ಟ್ರು. ಎಷ್ಟೋ ಜನರಿಗೆ ಹೇಳಿ ಹೇಳಿ ಸವೆದ ಮಾತು ಅದು. ಹೇಳಿದ ಮೇಲೆ ಅವರಿಗೇ ಸಮಾಧಾನವಾದಂತೆ ಕಾಣಲಿಲ್ಲ.

"ಹಾಗಾದ್ರೆ ಸಂದರ್ಭ ಬೇಕು ಅಂತ ಯಾಕೆ ಕೇಳ್ತೀರಿ ಸರ್? ಬರೆದರೆ ಜಾಸ್ತಿ ಆಯ್ತು ಅಂತೀರಿ, ಬಿಟ್ಟರೆ ಇಲ್ಲ ಅಂತೀರಿ. ನಾನು ಎಲ್ಲಿಗೆ ಹೋಗಿ ತಲೆ ಚಚ್ಚಿಕೊಳ್ಳಲಿ?"

ಮೇಷ್ಟ್ರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಆಮೇಲೆ ಅವಳ ಹನ್ನೊಂದು ಪುಟಗಳನ್ನು ಅವಳ ಮುಂದಕ್ಕೇ ತಳ್ಳಿ, ಒಂದು ನೀಲಿ ಪೆನ್ಸಿಲ್ ಕೊಟ್ಟರು. "ಪದ್ಯದ ಒಂದಾದರೂ ಮಾತು ಇರೋ ವಾಕ್ಯಕ್ಕೆ ಮಾತ್ರ ಗೆರೆ ಎಳೀರಿ. ಪದ್ಯದ್ದು. ಅಭಾವದ್ದಲ್ಲ."

ಅವಳು ಎಳೆಯುತ್ತಾ ಹೋದಳು. ಮೊದಲ ನಾಲ್ಕು ಪುಟ ಪೆನ್ಸಿಲ್ ಮೊನೆ ಹಾಳೆಗೆ ತಾಗಲೇ ಇಲ್ಲ. ಐದನೆಯದರಲ್ಲಿ ಒಂದು. ಕೊನೆಯ ಪುಟದಲ್ಲಿ ಎರಡು, ಅವೂ "ಹೀಗೆ ಈ ಪದ್ಯವು ಆ ಕಾಲದ ಕನ್ನಡಿಯಾಗಿದೆ" ಎಂಬ ಜಾತಿಯವು. ಒಟ್ಟು ಮೂರು ಗೆರೆ. ಹನ್ನೊಂದು ಪುಟಕ್ಕೆ ಮೂರು ಗೆರೆ. ಅವಳ ಮುಖ ಸಣ್ಣದಾಯಿತು.

"ಈಗ ಇನ್ನೊಂದು" ಎಂದರು ಮೇಷ್ಟ್ರು. "ನೀವು ಕೊಟ್ಟಿರೋ ಒಂದೊಂದು ವಿಷಯಾನೂ ತೆಗೀರಿ, ಒಂದೊಂದಾಗಿ. ಅದನ್ನ ತೆಗೆದರೆ ಪದ್ಯದ ಯಾವ ಸಾಲು ಅರ್ಥ ಆಗದೇ ಹೋಗುತ್ತೆ ಅಂತ ಕೇಳ್ಕೊಳ್ಳಿ. ಯಾವ ಸಾಲಿಗೂ ಏನೂ ಆಗ್ಲಿಲ್ಲ ಅಂದ್ರೆ ಆ ವಿಷಯ ಎಷ್ಟೇ ಚೆನ್ನಾಗಿದ್ದರೂ ಆಚೆಗೆ. ಅಧಿಕಾರಿ ಬದಲಾದದ್ದು ಗೊತ್ತಾದರೆ ನಿಮಗೆ ಯಾವ ಸಾಲು ತೆರ್ಕೊಳ್ತು?"

"ಯಾವುದೂ ಇಲ್ಲ ಸರ್."

"ಹೂಂ. ವಿಷಯ ಸಾಲಿನ ಪಕ್ಕ ಬಂದು ನಿಲ್ಲಬೇಕು, ಕೆಲಸ ಮಾಡಬೇಕು, ಹೋಗಬೇಕು. ಮನೆ ಮಾಡ್ಕೊಂಡು ಕೂರಬಾರದು." ಅವರು ಮುಂದಿನ ಪ್ರಬಂಧಕ್ಕೆ ಕೈ ಹಾಕಿದರು. "ನಾಲ್ಕು ಪುಟ ಸಾಕು. ಇಪ್ಪತ್ತೆಂಟನೇ ತಾರೀಖಿನ ಒಳಗೆ ಕೊಡಿ. ಆಮೇಲೆ ನನ್ನ ಕೈಲಿ ಏನೂ ಇಲ್ಲ ಅಮ್ಮ."

ಬಸ್ಸಿನಲ್ಲಿ ಅವಳು ಪದ್ಯ ತೆಗೆದು ಓದಿದಳು. ಬಾಯಿಪಾಠ ಬರುತ್ತಿತ್ತು, ಆದರೂ ಓದಿದಳು.

ಸೇರಿಗೆ ಹಿಟ್ಟು ಸುರಿದೆ,
ಅಂಗೈ ಆಡಿಸಿ ಮಟ್ಟ ಮಾಡಿದೆ.
ಅಂಚಿನಾಚೆ ಉದುರಿದ್ದು
ಮತ್ತೆ ಡಬ್ಬಿಗೆ.
ಮೂರು ತಟ್ಟೆ ಇಟ್ಟೆ,
ಮೂರಕ್ಕೂ ಒಂದೇ ಅಳತೆ.
ನಾಲ್ಕನೆಯದು ಬೋರಲು.
ಯಾರೂ ಏನೂ ಕೇಳಲಿಲ್ಲ.

ಬೋರಲು ಹಾಕಿದ ನಾಲ್ಕನೆಯ ತಟ್ಟೆ ಎಂದರೆ ಸತ್ತ ಮಗು. ಪಾಠದಲ್ಲಿ ಹಾಗಿತ್ತು, ಅವಳಿಗಿಂತ ಮೊದಲು ಓದಿದ ಇಪ್ಪತ್ತೊಂದು ತಂಡದವರೂ ಹಾಗೇ ಬರೆದಿದ್ದರು. ಆದರೆ ಅವಳೊಳಗಿನ ಗುಮಾಸ್ತೆಗೆ ಒಂದು ವಿಷಯ ಚುಚ್ಚುತ್ತಿತ್ತು. ಪಾಠದಲ್ಲಿ ಪದ್ಯದ ಕೆಳಗೆ ಇದ್ದದ್ದು ಸಂಕಲನದ ವರ್ಷ. ಸಂಕಲನ ಎಂದರೆ ಹಳೆಯ ಪದ್ಯಗಳನ್ನು ಒಟ್ಟು ಮಾಡಿ ಹೊಲಿದದ್ದು. ಕಡತ ಹೊಲಿದ ತಾರೀಖನ್ನೇ ಒಳಗಿನ ಹಾಳೆಯ ತಾರೀಖು ಎಂದು ಯಾವ ದಾಖಲೆ ಕೋಣೆಯವರೂ ನಂಬುವುದಿಲ್ಲ.

ಮಂಗಳವಾರ ಊಟದ ಬಿಡುವಿನಲ್ಲಿ ಅವಳು ನಗರ ಗ್ರಂಥಾಲಯಕ್ಕೆ ಓಡಿದಳು. ಆ ಕಾಲದ ಮಾಸಪತ್ರಿಕೆಗಳ ಸಂಪುಟಗಳನ್ನು ಕೇಳಿ, ನಿಂತಲ್ಲೇ ಹಾಳೆ ತಿರುವಿದಳು. ಜೂನ್ ಸಂಚಿಕೆ, ಮೂವತ್ತೊಂದನೆಯ ಪುಟ, ಒಂದು ಸಾಬೂನಿನ ಜಾಹೀರಾತಿನ ಮೇಲೆ ಎಂಟು ಸಾಲು. ಮಗು ತೀರಿಕೊಂಡದ್ದು ಮುಂದಿನ ಫೆಬ್ರವರಿ. ರಿಜಿಸ್ಟರಿನ ಪುಟ ಅವಳ ಕಣ್ಣಿಗೆ ಕಟ್ಟಿತ್ತು, ತಾರೀಖು ತಪ್ಪುವ ಮಾತೇ ಇಲ್ಲ. ಪದ್ಯ ಅಚ್ಚಾದ ಎಂಟು ತಿಂಗಳ ಮೇಲೆ ಸತ್ತ ಮಗುವಿಗಾಗಿ ಯಾವ ತಾಯಿ ಪದ್ಯ ಬರೆದಾಳು? ಮಗು ಆಗ ಬಸಿರಿಗೂ ಬಂದಿತ್ತೋ ಇಲ್ಲವೋ.

ಪಾಠ ತಪ್ಪು. ಇಪ್ಪತ್ತೆರಡು ವರ್ಷದ ಪಾಠ ತಪ್ಪು.

ಒಂದು ಗಳಿಗೆ ಅವಳಿಗೆ ಖುಷಿಯೇ ಆಯಿತು, ಸುಳ್ಳು ಯಾಕೆ. ಕೆಂಪು ಮಸಿಯವರಿಗೆ ಕೆಂಪು ಮಸಿ! ಸಂಜೆ ಕಚೇರಿ ಮುಚ್ಚುವವರೆಗೆ ಅವಳ ತಲೆಯಲ್ಲಿ ಹೊಸ ಪ್ರಬಂಧ ಕುಣಿಯಿತು. ಮೊದಲು ಜೂನ್, ಆಮೇಲೆ ಫೆಬ್ರವರಿ, ಎರಡೂ ದಾಖಲೆಗಳ ಪ್ರತಿ, ಪಾಠದ ಇಂಥ ಪುಟದ ಇಂಥ ಸಾಲು ತಪ್ಪು. ಮೂರು ಪುಟ ಬರೆದೂ ಬಿಟ್ಟಳು. ಬರೆದ ಮೇಲೆ, ಯಾಕೋ ಅನುಮಾನ ಬಂದು, ನೀಲಿ ಪೆನ್ಸಿಲ್ ತೆಗೆದಳು. ಗೆರೆ ಎಳೆಯಲು ಒಂದು ವಾಕ್ಯವೂ ಸಿಗಲಿಲ್ಲ. ಮಗು ಸತ್ತಿದ್ದಕ್ಕೆ ಬರೆದದ್ದು ಎಂಬುದು ಜೀವನಚರಿತ್ರೆಯಾದರೆ, ಅದಕ್ಕೆ ಬರೆದದ್ದಲ್ಲ ಎಂಬುದೂ ಜೀವನಚರಿತ್ರೆಯೇ. ಅವಳು ಅದೇ ಗುಂಡಿಗೆ ಈ ಸಲ ಇನ್ನೊಂದು ಕಡೆಯಿಂದ ಬಿದ್ದಿದ್ದಳು. ಜೊತೆಗೆ, ತಿದ್ದುವವರನ್ನೇ ತಪ್ಪು ಎಂದು ಮೂರು ಪುಟ ಬರೆದು ಅವರ ಕೈಗೇ ಕೊಟ್ಟು ಪಾಸು ಕೇಳುವ ಧೈರ್ಯ ಯಾರಿಗಿದೆ? ಹಾಳೆ ಮಡಿಸಿ ಚೀಲಕ್ಕೆ ಹಾಕಿ ಬಸ್ಸು ಹಿಡಿದಳು. ಮಗುವೂ ಹೋಯಿತು, ಅಭಾವವೂ ಹೋಯಿತು. ಉಳಿದದ್ದು ಎಂಟು ಸಾಲು, ಅದರ ಎದುರು ಕೂತ ದಣಿದ ಹೆಂಗಸು ಒಬ್ಬಳು.

ಮನೆಗೆ ಬಂದರೆ ಅತ್ತೆ ಹಿಟ್ಟಿನ ಡಬ್ಬಿಯ ಮುಂದೆ ಕೂತಿದ್ದರು. ಅತ್ತೆಗೆ ಎಪ್ಪತ್ತೆರಡು. ಮಂಡಿ ಹೋಗಿತ್ತು, ಕೈ ಹೋಗಿರಲಿಲ್ಲ. ಅಳತೆಯ ಲೋಟಕ್ಕೆ ಹಿಟ್ಟು ತುಂಬಿ, ಅಂಗೈ ಅಡ್ಡ ಎಳೆದು, ಅಂಚಿನ ಮೇಲಿದ್ದುದನ್ನೆಲ್ಲ ಸವರಿ ಮತ್ತೆ ಡಬ್ಬಿಗೆ ಉದುರಿಸಿದರು. ಹದಿನೆಂಟು ವರ್ಷದಿಂದ ನೋಡುತ್ತಾ ಬಂದ ದೃಶ್ಯ. ಹದಿನೆಂಟು ವರ್ಷದಿಂದ ದಫ್ತರಕ್ಕ ಇದನ್ನು ಜಿಪುಣತನ ಎಂದುಕೊಂಡು ಒಳಗೊಳಗೇ ಹಲ್ಲು ಕಡಿದಿದ್ದಳು. ನಾಲ್ಕು ಜನರ ಅಡುಗೆಗೆ ಚಿಟಿಕೆ ಹಿಟ್ಟಿನ ಲೆಕ್ಕವೇ!

ಇವತ್ತು ಅವಳು ಚೀಲ ಹೆಗಲಿನಿಂದ ಇಳಿಸದೆ ಬಾಗಿಲಲ್ಲೇ ನಿಂತಳು.

"ಅತ್ತೆ, ಯಾಕೆ ಹಾಗೆ ಸವರ್ತೀರಿ?"

"ಹೇಗೆ?"

"ಈಗ ಸವರಿದ್ರಲ್ಲ, ಹಾಗೆ. ಒಂದು ಚೂರು ಮೇಲೆ ಇದ್ದರೆ ಏನಾಗುತ್ತೆ?"

ಅತ್ತೆ ತಮ್ಮ ಕೈಯನ್ನೇ ನೋಡಿಕೊಂಡರು, ಅದು ಬೇರೆಯವರ ಕೈ ಎಂಬಂತೆ. "ಏನೋಪ್ಪ. ರೂಢಿ ಬಿದ್ದಿದೆ. ನಾನು ಚಿಕ್ಕವಳಿದ್ದಾಗ, ಏನೂ ಸಿಗದೇ ಇದ್ದ ವರ್ಷ ಅಂಗಡಿಯಲ್ಲಿ ಹಾಗೇ ಕೊಡೋರು. ಅದಕ್ಕೆ ಮುಂಚೆ ಸೇರಿನ ಮೇಲೆ ಗುಪ್ಪೆ ನಿಲ್ಲೋ ಹಾಗೆ ತುಂಬಿ ಕೊಡ್ತಿದ್ದರು, ಅದೇ ಸೇರು ಅಂತ ಲೆಕ್ಕ. ಆ ವರ್ಷ ಅದೇನೋ ಆರ್ಡರು ಬಂತು. ಕೋಲು ಅಡ್ಡ ಎಳೆದು ಮಟ್ಟ ಮಾಡೇ ಕೊಡಬೇಕು ಅಂತ. ಲೆಕ್ಕಕ್ಕೆ ನಾಲ್ಕೇ ಸೇರು. ಮನೆಗೆ ತಂದರೆ ಮೂರರ ಥರ."

"ಗುಪ್ಪೆಯಲ್ಲಿ ಅಷ್ಟು ಹೋಗ್ತಿತ್ತಾ?"

"ಹೋಗದೆ? ನಾಲ್ಕು ಗುಪ್ಪೆ ಸೇರಿದರೆ ಒಂದು ಸೇರಾಗ್ತಿತ್ತು ಕಣೆ." ಅತ್ತೆ ಡಬ್ಬಿಯ ಮುಚ್ಚಳ ಒತ್ತಿ ಹಾಕಿದರು. ಆಮೇಲೆ, ಯಾರನ್ನೂ ನೋಡದೆ ಹೇಳಿದರು. "ಆ ಗುಪ್ಪೆಯಲ್ಲೇ ನಮ್ಮಮ್ಮನ ಊಟ ಇದ್ದದ್ದು. ನಮಗೆಲ್ಲ ಬಡಿಸಿ ಒಳಗೆ ಹೋಗಿಬಿಡೋಳು. ಉಂಡಿದಾಳೆ ಅಂತ್ಲೇ ನಾವು ಅಂದ್ಕೊಂಡಿದ್ದು. ಕೇಳಲೇ ಇಲ್ಲ ಕಣೆ ನಾವು ಯಾರೂ."

ದಫ್ತರಕ್ಕ ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತಳು. ನಾಲ್ಕನೆಯ ತಟ್ಟೆ ಮಗುವಿನದಲ್ಲ. ಸುರಿದೆ, ಮಟ್ಟ ಮಾಡಿದೆ, ಇಟ್ಟೆ ಎಂದು ಹೇಳುತ್ತಿರುವವಳಿದ್ದಾಳಲ್ಲ, ಪದ್ಯದುದ್ದಕ್ಕೂ ಅವಳ ಕೈ ಕಾಣುತ್ತದೆ, ಅವಳ ತಟ್ಟೆ ಕಾಣುವುದಿಲ್ಲ. ಬೋರಲು ಹಾಕಿದ್ದು ಅವಳದ್ದೇ. ಮಗು ಎಂಬ ಮಾತು ಆ ಎಂಟು ಸಾಲಿನಲ್ಲಿ ಎಲ್ಲೂ ಇರಲೇ ಇಲ್ಲ. ಇಷ್ಟು ದಿನ ಇಲ್ಲದ್ದನ್ನು ಓದಿದಳು, ಇದ್ದದ್ದನ್ನು ಓದಲಿಲ್ಲ.

"ಏನೇ, ತಲೆ ಸುತ್ತು ಬಂತಾ? ನೀರು ಕುಡಿ" ಎಂದರು ಅತ್ತೆ.

ಮರುದಿನ ಕಚೇರಿಯಲ್ಲಿ ಆ ಆದೇಶ ಹುಡುಕಲು ಅರ್ಧ ಗಂಟೆ ಸಾಕಾಯಿತು. ಅದು ಅವಳ ಎರಡನೆಯ ಪ್ರಬಂಧದಲ್ಲೇ ಇತ್ತು! ಏಳನೆಯ ಪುಟದಲ್ಲಿ, ಹದಿನಾಲ್ಕು ಆದೇಶಗಳ ಪಟ್ಟಿಯಲ್ಲಿ ಒಂಬತ್ತನೆಯದಾಗಿ, ಅಧಿಕಾರಿಗಳ ವರ್ಗಾವಣೆಗೂ ಗೋಣಿಚೀಲದ ಕೊರತೆಗೂ ನಡುವೆ ಉಸಿರುಗಟ್ಟಿ ಕೂತಿತ್ತು. ಮಾರ್ಚ್ ತಿಂಗಳದು. ಪಡಿತರ ಅಂಗಡಿಗಳು ಇನ್ನು ಮುಂದೆ ಅಳತೆಯ ಮೇಲ್ಭಾಗ ಸಮ ಮಾಡಿಯೇ ಕೊಡತಕ್ಕದ್ದು. ಪದ್ಯ ಅಚ್ಚಾದದ್ದು ಜೂನ್. ತಾನೇ ಕೈಯಾರೆ ನಕಲು ಮಾಡಿದ ಸಾಲು, ಕಣ್ಣೆದುರು ಇದ್ದೂ ಕಂಡಿರಲಿಲ್ಲ. ಎಲ್ಲವನ್ನೂ ಬರೆದವಳಿಗೆ ಯಾವುದು ಬೇಕಾದದ್ದು ಎಂದು ಹೇಗೆ ತಿಳಿಯಬೇಕು?

ನಾಲ್ಕು ದಿನ ಅವಳು ಬೆಳಗಿನ ಜಾವ ಎದ್ದು ಬರೆದಳು. ಬರೆಯುವುದಕ್ಕಿಂತ ಹೊಡೆದು ಹಾಕುವುದೇ ದೊಡ್ಡ ಕೆಲಸವಾಯಿತು. ಆದೇಶದ ಸಂಖ್ಯೆ ಬರೆದು ಹೊಡೆದಳು. ಸಹಿ ಮಾಡಿದವರ ಹುದ್ದೆ ಬರೆದು ಹೊಡೆದಳು. ಅತ್ತೆಯ ಅಮ್ಮನ ಕಥೆಯನ್ನು ಒಂದು ಪುಟ ಬರೆದಳು, ಕಣ್ಣು ತುಂಬಿ ಬಂತು, ಬಹಳ ಚೆನ್ನಾಗಿತ್ತು. ತೆಗೆದರೆ ಯಾವ ಸಾಲಿಗೆ ಏನಾಗುತ್ತದೆ ಎಂದು ಕೇಳಿಕೊಂಡಳು. ಮಟ್ಟ ಮಾಡಿದ ಅಳತೆ ಎಂಬ ವಿಷಯ ಆದೇಶದಲ್ಲೇ ಇತ್ತು. ಅತ್ತೆಯ ಅಮ್ಮ ಅವಳಿಗೆ ದಾರಿ ತೋರಿಸಿದವಳು, ಪ್ರಬಂಧದಲ್ಲಿ ಕೂರಬೇಕಾದವಳಲ್ಲ. ಆ ಪುಟ ಹರಿಯುವಾಗ ಅವಳಿಗೆ ಯಾರದೋ ಕುತ್ತಿಗೆ ಹಿಚುಕಿದ ಹಾಗಾಯಿತು. ಕೊನೆಗೆ ಉಳಿದ ನಾಲ್ಕು ಪುಟದಲ್ಲಿ ಇತಿಹಾಸ ಎಂಬುದು ಹೀಗಿತ್ತು:

"ಹೇಳುವವಳು ಹಿಟ್ಟನ್ನು 'ಅಂಗೈ ಆಡಿಸಿ ಮಟ್ಟ' ಮಾಡುತ್ತಾಳೆ. ಈ ಪದ್ಯ ಅಚ್ಚಾಗುವ ಮೂರು ತಿಂಗಳ ಹಿಂದೆ, ಗುಪ್ಪೆ ತುಂಬಿ ಕೊಡುತ್ತಿದ್ದ ಸೇರನ್ನು ಮಟ್ಟ ಮಾಡಿಯೇ ಕೊಡಬೇಕೆಂದು ಪಡಿತರ ಅಂಗಡಿಗಳಿಗೆ ಆದೇಶವಾಗಿತ್ತು. ಆದರೆ ಪದ್ಯದಲ್ಲಿ ಅಂಗಡಿಯಿಲ್ಲ, ಆದೇಶವಿಲ್ಲ, ಕೋಲೂ ಇಲ್ಲ. ಕೋಲಿನ ಜಾಗದಲ್ಲಿ ಅವಳ ಅಂಗೈ ಇದೆ. ಹೊರಗಿನ ನಿಯಮವನ್ನು ಅವಳು ತನ್ನ ಮನೆಯವರಿಗೆ ತಾನೇ ವಿಧಿಸುತ್ತಿದ್ದಾಳೆ, ಉದುರಿದ್ದನ್ನೂ ಬಿಡುತ್ತಿಲ್ಲ. 'ಮೂರಕ್ಕೂ ಒಂದೇ ಅಳತೆ' ಎನ್ನುವಾಗ ಕೇಳುವುದು ನ್ಯಾಯದ ಹೆಮ್ಮೆ. ಆ ನ್ಯಾಯಕ್ಕೆ ತೆತ್ತದ್ದು ಏನು ಎಂಬುದು ಮುಂದಿನ ಸಾಲಿನಲ್ಲಿದೆ. ಬಡಿಸುವವಳ ತಟ್ಟೆ ಪದ್ಯದಲ್ಲಿ ಬೇರೆಲ್ಲೂ ಇಲ್ಲ. ಬೋರಲಾಗಿರುವ ನಾಲ್ಕನೆಯದು ಅವಳದೇ ಎಂದು ಓದಲು ಸಾಧ್ಯವಿದೆ."

ಆದೇಶಕ್ಕೆ ಸಿಕ್ಕಿದ್ದು ಒಂದೇ ವಾಕ್ಯ. ಅಷ್ಟು ದೊಡ್ಡ ಅಭಾವಕ್ಕೆ ಒಂದು ವಾಕ್ಯ. ಉಳಿದ ಪುಟಗಳಲ್ಲಿ ಕ್ರಿಯಾಪದಗಳು, ಎಣಿಕೆ, ಕೊನೆಯ ಸಾಲಿನ ಮೌನ.

ಇನ್ನು ಮಗುವಿನ ವಿಷಯ. ಅದನ್ನು ಪೂರ್ತಿ ಬಿಟ್ಟುಬಿಡಬಹುದಿತ್ತು, ಅದೇ ಜಾಣತನ. ಆದರೆ ಪಾಠ ಓದಿದ ಯಾರೇ ಆದರೂ, "ನಾಲ್ಕನೆಯ ತಟ್ಟೆ ಸತ್ತ ಮಗುವಿನದಲ್ಲವೇ?" ಎಂದು ಕೇಳಿಯೇ ಕೇಳುತ್ತಾರೆ. ಸುಮ್ಮನಿದ್ದರೆ ಗೊತ್ತಿಲ್ಲದವಳಾಗುತ್ತಾಳೆ, ಜಾಸ್ತಿ ಬರೆದರೆ ಮತ್ತೆ ಜೀವನಚರಿತ್ರೆ. ಒಂದು ದಿನ ಪೂರ್ತಿ ಒದ್ದಾಡಿ, ಮೂರನೆಯ ಪುಟದ ಕೆಳಗೆ ಅಡಿಟಿಪ್ಪಣಿಯಾಗಿ ಒಂದು ಸಾಲು ಬರೆದಳು: "ಈ ತಟ್ಟೆಯನ್ನು ಕವಯಿತ್ರಿಯ ಮಗುವಿನ ಮರಣಕ್ಕೆ ಸಂಬಂಧಿಸಿ ಓದುವ ರೂಢಿಯಿದೆ; ಪದ್ಯ ಮೊದಲು ಅಚ್ಚಾದದ್ದು ಆ ಮರಣಕ್ಕೆ ಎಂಟು ತಿಂಗಳ ಮುಂಚೆ." ರೂಢಿ ಯಾರದು ಎಂದು ಬರೆಯಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ, ಓದುವವರಿಗೆ ಗೊತ್ತಾಗುತ್ತದೆ. ಆ ಒಂದು ಸಾಲಿಗೆ ತನ್ನ ಐದು ವರ್ಷ ಹೋಗಬಹುದು ಎಂದೂ ಗೊತ್ತಿತ್ತು. ಹೊಡೆದು ಹಾಕಲು ಪೆನ್ನು ಎತ್ತಿದಳು, ಮತ್ತೆ ಇಳಿಸಿದಳು. ಹತ್ತೊಂಬತ್ತು ವರ್ಷದಲ್ಲಿ ಅವಳು ಯಾರ ಕಡತದಲ್ಲೂ ತಪ್ಪು ತಾರೀಖು ಉಳಿಸಿದವಳಲ್ಲ.

ಇಪ್ಪತ್ತೇಳನೆಯ ತಾರೀಖು ಭಾನುವಾರ. ಮೇಷ್ಟ್ರು ಅದೇ ಮೇಜಿಗೆ ಕೂತಿದ್ದರು, ರಾಶಿ ಇನ್ನೂ ಎತ್ತರವಾಗಿತ್ತು. "ಕೊಟ್ಟು ಹೋಗಿ ಅಮ್ಮ, ನೋಡ್ತೀನಿ" ಎಂದರು.

"ಈಗಲೇ ನೋಡ್ತೀರಾ ಸರ್? ಇನ್ನೊಂದು ದಿನ ಬರೋಕೆ ರಜೆ ಇಲ್ಲ." ರಜೆಯ ಮಾತು ಸುಳ್ಳು. ಮನೆಯಲ್ಲಿ ಕೂತು ಕಾಯುವ ಶಕ್ತಿ ಇರಲಿಲ್ಲ, ಅಷ್ಟೆ.

ಮೇಷ್ಟ್ರು ನಿಟ್ಟುಸಿರು ಬಿಟ್ಟು ಓದತೊಡಗಿದರು. ಕೆಂಪು ಪೆನ್ನು ಮೊದಲ ಪುಟದ ಮೇಲೆ ತೇಲುತ್ತಾ ಹೋಯಿತು, ಒಂದು ಅಕ್ಷರ ದೋಷಕ್ಕೆ ಇಳಿಯಿತು, ಮತ್ತೆ ತೇಲಿತು. ಎರಡನೆಯ ಪುಟದಲ್ಲಿ ಪೆನ್ನಿನ ಕ್ಯಾಪು ಹಾಕಿ ಪಕ್ಕಕ್ಕಿಟ್ಟರು. ದಫ್ತರಕ್ಕನಿಗೆ ಅದು ಒಳ್ಳೆಯದೋ ಕೆಟ್ಟದ್ದೋ ತಿಳಿಯಲಿಲ್ಲ. ಮೂರನೆಯ ಪುಟದ ಕೆಳಭಾಗಕ್ಕೆ ಬಂದಾಗ ಅವರ ಕಣ್ಣು ನಿಂತೇ ಬಿಟ್ಟಿತು. ಅವಳಿಗೆ ಕೆಮ್ಮು ಒತ್ತಿ ಬಂದು, ಸೆರಗು ಬಾಯಿಗಿಟ್ಟು ತಡೆದುಕೊಂಡಳು.

"ಎಂಟು ತಿಂಗಳು?" ಎಂದರು ಮೇಷ್ಟ್ರು.

"ಹೌದು ಸರ್."

"ಸಂಕಲನ ಬಂದದ್ದು ಆಮೇಲೆ ಅಲ್ವಾ? ಮೂರು ವರ್ಷ ಆದ ಮೇಲೆ."

"ಪತ್ರಿಕೆಯಲ್ಲಿ ಮೊದಲೇ ಬಂದಿತ್ತು ಸರ್. ಜೂನ್ ಸಂಚಿಕೆ."

ಅವರು ಏನೂ ಕೇಳದಿದ್ದರೂ ಅವಳು ಚೀಲದಿಂದ ಎರಡು ಜೆರಾಕ್ಸ್ ತೆಗೆದು ಮೇಜಿನ ಮೇಲಿಟ್ಟಳು. ಒಂದರಲ್ಲಿ ಸಾಬೂನಿನ ಜಾಹೀರಾತಿನ ಮೇಲೆ ಎಂಟು ಸಾಲು. ಇನ್ನೊಂದರಲ್ಲಿ ಗುಮಾಸ್ತನ ಓರೆ ಅಕ್ಷರ. ಮೇಷ್ಟ್ರು ಎರಡರ ತಾರೀಖನ್ನೂ ಬೆರಳಿಟ್ಟು ನೋಡಿದರು, ಒಮ್ಮೆ ಇದು, ಒಮ್ಮೆ ಅದು. ಹೊರಗೆ ಶಾಲೆಯ ಅಂಗಳದಲ್ಲಿ ಯಾರೋ ನೀರಿನ ಕೊಳವೆ ತಿರುಗಿಸಿಟ್ಟು ಮರೆತಿದ್ದರು, ಅದು ಸುರಿಯುವ ಸದ್ದು.

"ಇದನ್ನ ಯಾಕೆ ಪ್ರಬಂಧದಲ್ಲಿ ದೊಡ್ಡದಾಗಿ ಬರೀಲಿಲ್ಲ?" ಎಂದು ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ. "ಇಂಥದ್ದು ಸಿಕ್ಕಿದರೆ ನಾನಾಗಿದ್ದರೆ ಹತ್ತು ಪುಟ ಬರೀತಿದ್ದೆ."

"ಮೂರು ಪುಟ ಬರೆದಿದ್ದೆ ಸರ್. ಪೆನ್ಸಿಲ್ ಹಿಡಿದು ನೋಡಿದೆ, ಗೆರೆ ಎಳೆಯೋಕೆ ಏನೂ ಸಿಗಲಿಲ್ಲ. ಮಡಿಸಿ ಚೀಲಕ್ಕೆ ಹಾಕಿದೆ."

ಮೇಷ್ಟ್ರು ತಲೆಯಾಡಿಸಿದರು. ಆಮೇಲೆ ಕೆಂಪು ಪೆನ್ನಿನ ಕ್ಯಾಪು ತೆಗೆದು, ಪ್ರಬಂಧದ ಮೊದಲ ಪುಟದ ಮೂಲೆಯಲ್ಲಿ ಅಂಕ ಬರೆದು, ಸುತ್ತ ಒಂದು ವೃತ್ತ ಹಾಕಿ, ಸಹಿ ಮಾಡಿ, ತಾರೀಖು ಬರೆದು ಅವಳ ಕಡೆ ತಿರುಗಿಸಿದರು. ನೂರಕ್ಕೆ ಅರವತ್ತೆಂಟು. ದಫ್ತರಕ್ಕ ಅದನ್ನು ನೋಡಿದಳು. ಕುಣಿದಾಡಬೇಕು ಎನಿಸಬೇಕಿತ್ತು. ಬೆನ್ನು ಕುರ್ಚಿಗೆ ಒರಗಿತು, ಅಷ್ಟೆ. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳುವುದಕ್ಕೂ ಕೈ ಏಳಲಿಲ್ಲ.

"ಥ್ಯಾಂಕ್ಸ್ ಸರ್."

ಅವರಿಗೆ ಅದು ಕೇಳಿಸಿದಂತಿರಲಿಲ್ಲ. ರಿಜಿಸ್ಟರಿನ ಪುಟವನ್ನು ಮೆಲ್ಲಗೆ ಅವಳಿಗೆ ಹಿಂದಿರುಗಿಸಿ, ಪತ್ರಿಕೆಯ ಪುಟವನ್ನು ಮಾತ್ರ ತಮ್ಮ ಮುಂದೆ ಇಟ್ಟುಕೊಂಡಿದ್ದರು.

"ಪಾಠ ಬರೆದಾಗ ನನಗೆ ಮೂವತ್ತೇಳು" ಎಂದರು. "ಎರಡು ದಿನದಲ್ಲಿ ಕೊಡಿ ಅಂದಿದ್ದರು. ಮಗು ಸತ್ತಿದ್ದು ಎಲ್ಲೋ ಓದಿದ್ದೆ. ತಟ್ಟೆಗೂ ಅದಕ್ಕೂ ಗಂಟು ಹಾಕಿದೆ, ಸರಿಯಾಗಿ ಕೂತ್ಕೊಂಡ್ತು. ಕ್ಲಾಸಲ್ಲಿ ಹೇಳಿದರೆ ಹೆಣ್ಣುಮಕ್ಕಳು ಅಳೋರು. ಪಾಠ ಚೆನ್ನಾಗಿ ಮಾಡ್ತೀನಿ ಅಂದ್ಕೊಂಡಿದ್ದೆ." ಅವರು ನಗಲು ನೋಡಿದರು, ಆಗಲಿಲ್ಲ. "ಮಗು ಕಥೆ ಹೇಳೋದಕ್ಕೆ ಮುಕ್ಕಾಲು ಗಂಟೆ ಹೋಗ್ತಿತ್ತು. ಪದ್ಯ ನೀವೇ ಓದ್ಕೊಳ್ಳಿ ಅಂತಿದ್ದೆ."

ಗೆದ್ದವಳ ಹಾಗೆ ದಫ್ತರಕ್ಕನಿಗೆ ಅನಿಸಲೇ ಇಲ್ಲ, ಆ ಮುದುಕರ ಮೇಲೆ ಕರುಣೆ ಬಂತು. "ತಾರೀಖು ಯಾರಿಗೆ ಬೇಕಾದ್ರೂ ತಪ್ಪುತ್ತೆ ಸರ್" ಎಂದಳು.

"ತಾರೀಖು ಸರಿ ಇದ್ದಿದ್ದರೂ ತಪ್ಪೇ ಅಮ್ಮ" ಎಂದರು ಅವರು.

ಆಮೇಲೆ ಕನ್ನಡಕ ಸರಿಮಾಡಿಕೊಂಡು, ಜೆರಾಕ್ಸ್ ಹಾಳೆಯನ್ನು ಬೆಳಕಿಗೆ ಹಿಡಿದು, ಪದ್ಯವನ್ನು ಗಟ್ಟಿಯಾಗಿ ಓದತೊಡಗಿದರು. ಸೇರಿಗೆ ಹಿಟ್ಟು ಸುರಿದೆ. ಪಾಠ ಮಾಡುವವರ ದನಿಯಲ್ಲಲ್ಲ, ಮೊದಲ ಸಲ ಕಂಡ ಅಕ್ಷರಗಳನ್ನು ಕೂಡಿಸಿ ಓದುವವರ ಹಾಗೆ, ಒಂದೊಂದು ಸಾಲಿಗೂ ನಿಂತು. ನಾಲ್ಕನೆಯದು ಬೋರಲು ಎಂಬಲ್ಲಿ ದನಿ ಸ್ವಲ್ಪ ತಗ್ಗಿತು. ಕೊನೆಯ ಸಾಲು ಮುಗಿದ ಮೇಲೆ ಹಾಳೆ ತಿರುಗಿಸಿ ಹಿಂಬದಿ ನೋಡಿದರು, ಅಲ್ಲಿ ಇನ್ನೂ ಏನೋ ಇರಬೇಕಿತ್ತು ಎಂಬಂತೆ. ಹಿಂಬದಿ ಖಾಲಿ ಇತ್ತು.

"ಇಷ್ಟೇನಾ ಇದು?" ಎಂದರು.

"ಇಷ್ಟೇ ಸರ್" ಎಂದಳು ದಫ್ತರಕ್ಕ. "ಎಂಟು ಸಾಲು."